ಹದಿನೇಳನೆಯ ವಿಧಿ

ಇಥಿಯೋಪಿಯಾದ ಮೆನೆಲಿಕ್ ಮತ್ತು ಇಟಲಿಯ ನಡುವೆ 1889ರ ಮೇ 2ರಂದು ವುಚಾಲೆಯಲ್ಲಿ ಒಪ್ಪಂದವಾಯಿತು. ಪ್ರತಿ ಎರಡು: ಒಂದು ಅಮ್ಹಾರಿಕ್, ಇನ್ನೊಂದು ಇಟಾಲಿಯನ್. ಎರಡೂ ಸಮಾನ, ಎರಡೂ ಅಧಿಕೃತ ಎಂದು ಒಪ್ಪಂದದಲ್ಲೇ ಬರೆದುಕೊಂಡಿದ್ದರು. ಗಂಟು ಬಿದ್ದದ್ದು ಅಲ್ಲೇ. ಪ್ರತಿಗಳು ಬೇರೆಬೇರೆ ಹೇಳಿದರೆ ಯಾವುದನ್ನು ನಂಬಬೇಕು?

ಹದಿನೇಳನೆಯ ವಿಧಿಯ ಅಮ್ಹಾರಿಕ್ ಪಠ್ಯದ ಪ್ರಕಾರ, ಇತರ ದೇಶಗಳೊಡನೆ ವ್ಯವಹರಿಸಲು ಮೆನೆಲಿಕ್ ಇಟಲಿಯ ನೆರವು ಪಡೆಯಬಹುದು, ಬೇಡವೆಂದರೆ ಬಿಡಬಹುದು. ಇಟಾಲಿಯನ್ ಪಠ್ಯದಲ್ಲಿ ಅವನು ಇಂಥ ವ್ಯವಹಾರಗಳಿಗೆಲ್ಲ ಇಟಲಿಯನ್ನು ಬಳಸಲು ಸಮ್ಮತಿಸಿಬಿಟ್ಟಿದ್ದ. ಅಂದರೆ ವಿದೇಶಾಂಗದ ಬೀಗದ ಕೈ ರೋಮ್‌ನಲ್ಲಿ! ಇಥಿಯೋಪಿಯಾ ತನ್ನ ರಕ್ಷಿತ ರಾಜ್ಯವೆಂದು ಇಟಲಿ ಅದೇ ವರ್ಷ ಯುರೋಪಿಗೆಲ್ಲ ತಿಳಿಸಿತು.

ಈ ಪ್ರಸಂಗವನ್ನು ಸಣ್ಣಕಥೆ ಮಾಡುವವರು ಅರಮನೆಯ ದುಭಾಷಿಯೊಬ್ಬನನ್ನು ಕಲ್ಪಿಸಿಕೊಳ್ಳಲಿ. ತನ್ನ ಪಟ್ಟಾಭಿಷೇಕದ ಸುದ್ದಿ ತಿಳಿಸಿ ಮೆನೆಲಿಕ್ ಬರೆದ ಪತ್ರಕ್ಕೆ ವಿಕ್ಟೋರಿಯಾ ರಾಣಿಯಿಂದ ಉತ್ತರ ಬಂದಿದೆ: ಇನ್ನು ಮುಂದೆ ಇಟಲಿಯ ಮೂಲಕ ಬರೆಯಿರಿ. ದುಭಾಷಿ ಎರಡೂ ಪ್ರತಿಗಳನ್ನು ಬಿಡಿಸುತ್ತಾನೆ, ಒಂದೊಂದೇ ವಿಧಿಗೆ ಬೆರಳಿಡುತ್ತಾ ಇಳಿಯುತ್ತಾನೆ. ಹದಿನೇಳರಲ್ಲಿ ಬೆರಳು ನಿಲ್ಲುತ್ತದೆ. ಒಂದು ಕ್ರಿಯಾಪದ ಹೊಂದುತ್ತಿಲ್ಲ.

ಇಷ್ಟು ಕಲ್ಪನೆ, ಮುಂದಿನದು ಚರಿತ್ರೆ. ಪಠ್ಯಗಳು ತಾಳೆಯಾಗುತ್ತಿಲ್ಲವೆಂದು ಮೆನೆಲಿಕ್ 1890ರಲ್ಲಿ ಇಟಲಿಯ ದೊರೆ ಉಂಬರ್ಟೋಗೆ ಬರೆದ. ಅದು ಕೈತಪ್ಪೋ ಕೈಚಳಕವೋ ಎಂಬ ವಾದ ಇನ್ನೂ ನಡೆದಿದೆ. ಕೈತಪ್ಪಾಗಿದ್ದರೂ, ತಿಳಿದ ಮೇಲೆ ಇಟಲಿ ತಿದ್ದಲು ಒಪ್ಪಲಿಲ್ಲ ಎಂಬುದೇ ನನಗೆ ದೊಡ್ಡ ಸಾಕ್ಷಿ. 1893ರಲ್ಲಿ ಮೆನೆಲಿಕ್ ಒಪ್ಪಂದವನ್ನು ಕಿತ್ತೆಸೆದ. 1896ರ ಮಾರ್ಚ್ 1ರಂದು ಅದ್ವಾದಲ್ಲಿ ಇಟಲಿಯ ಸೇನೆ ಸೋತಿತು. ಅದೇ ಅಕ್ಟೋಬರಿನಲ್ಲಿ ಅಡಿಸ್ ಅಬಾಬದಲ್ಲಾದ ಹೊಸ ಒಪ್ಪಂದ ವುಚಾಲೆಯದನ್ನು ರದ್ದುಮಾಡಿ, ಇಥಿಯೋಪಿಯಾದ ಸ್ವಾತಂತ್ರ್ಯವನ್ನು ಮಾನ್ಯಮಾಡಿತು.