ಬಾಳೆಕಾಯಿ ಕಟ್ಟುವುದು ಹೇಗೆ, ಗಂಜಿ ಕಟ್ಟುವುದು ಹೇಗೆ

ಭೇದಿಯಾದಾಗ ನಮ್ಮ ಮನೆಗಳಲ್ಲಿ ಮೊದಲು ಒಲೆ ಏರುವುದು ಗಂಜಿ. ಜೊತೆಗೆ ಬಾಳೆಕಾಯಿ ಪಲ್ಯ, ಸಬ್ಬಕ್ಕಿ, ದಾಳಿಂಬೆ ಸಿಪ್ಪೆಯ ತಂಬುಳಿ. ಇವನ್ನೆಲ್ಲ ‘ಹೊಟ್ಟೆ ಕಟ್ಟುವ’ ಪದಾರ್ಥಗಳೆಂದು ಒಂದೇ ಸಾಲಿನಲ್ಲಿ ಕೂರಿಸುತ್ತೇವೆ. ಆದರೆ ಬಾಳೆಕಾಯಿ ಹೊಟ್ಟೆಯಲ್ಲಿ ಮಾಡುವ ಕೆಲಸ ಬೇರೆ, ಗಂಜಿ ಮಾಡುವುದು ಬೇರೆ. ಮಲಬದ್ಧತೆಯಲ್ಲಿ ಯಾವುದನ್ನು ಎಷ್ಟು ಕಡಿಮೆ ಮಾಡಬೇಕೆಂಬುದು ಈ ವ್ಯತ್ಯಾಸದಿಂದಲೇ ಗೊತ್ತಾಗುತ್ತದೆ.

ಬಾಳೆಕಾಯಿಯ ತುಂಬ ಪಿಷ್ಟ. ಅದರಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನೇರ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಕೆಲವು ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಈ ಆಮ್ಲಗಳ ನೆರವಿನಿಂದ ಕರುಳಿನ ಗೋಡೆ ಉಪ್ಪಿನಂಶವನ್ನು ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆಯೇ ನೀರೂ ಹೋಗುತ್ತದೆ. ಮಲ ಗಟ್ಟಿಯಾಗುವುದು ಹೀಗೆ. ಇದು ಬರೀ ಅಜ್ಜಿಯರ ನಂಬಿಕೆಯಲ್ಲ. ಢಾಕಾದ ಅತಿಸಾರ ಸಂಶೋಧನಾ ಕೇಂದ್ರದ ವೈದ್ಯರು ದಿನಗಟ್ಟಲೆ ಭೇದಿ ನಿಲ್ಲದ, ಒಂದು ವರ್ಷದೊಳಗಿನ ಗಂಡು ಮಕ್ಕಳಿಗೆ ಅಕ್ಕಿಯ ಆಹಾರದಲ್ಲಿ ಬೇಯಿಸಿದ ಬಾಳೆಕಾಯಿ ಬೆರೆಸಿ ಕೊಟ್ಟು ನೋಡಿದರು. ಒಂದು ಲೀಟರ್ ಆಹಾರಕ್ಕೆ 250 ಗ್ರಾಂ ಬಾಳೆಕಾಯಿ. ಮೂರನೆಯ ದಿನದ ಹೊತ್ತಿಗೆ ಬಾಳೆಕಾಯಿ ತಿಂದವರಲ್ಲಿ 59% ಮಕ್ಕಳು ಚೇತರಿಸಿಕೊಂಡಿದ್ದರು, ಬರೀ ಅಕ್ಕಿಯ ಆಹಾರ ತಿಂದವರಲ್ಲಿ 15% ಮಾತ್ರ. ಈ ಫಲಿತಾಂಶ 2001ರಲ್ಲಿ ಪ್ರಕಟವಾಯಿತು.

ಕಾಯಿ ಹಣ್ಣಾದಂತೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಆದ್ದರಿಂದ ಚುಕ್ಕೆ ಬಿದ್ದ ಕಳಿತ ಬಾಳೆಹಣ್ಣು ಕಟ್ಟುವ ಪದಾರ್ಥವಲ್ಲ, ದೋರೆಗಾಯಿಗೆ ಮಾತ್ರ ಸ್ವಲ್ಪ ಕಾಯಿಯ ಗುಣ ಉಳಿದಿರುತ್ತದೆ. ಬೇಯಿಸಿದ ಸೇಬು ಕಟ್ಟುವುದು ಇನ್ನೊಂದು ಬಗೆಯಲ್ಲಿ: ಅದರ ಪೆಕ್ಟಿನ್ ನೀರು ಹೀರಿ ಲೋಳೆಯಂತಾಗುತ್ತದೆ.

ಗಂಜಿಗೆ ಇಂಥ ಯಾವ ಶಕ್ತಿಯೂ ಇಲ್ಲ. ಬಿಳಿ ಅಕ್ಕಿ ಸಣ್ಣ ಕರುಳಿನಲ್ಲೇ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗಿ, ಕೆಳಗೆ ಕಳಿಸಲು ಏನನ್ನೂ ಉಳಿಸುವುದಿಲ್ಲ. ಉಪ್ಪು ಹಾಕಿದ ತೆಳು ಗಂಜಿ ಭೇದಿಯಲ್ಲಿ ಒಳ್ಳೆಯದೇ, ಪಿಷ್ಟ ಒಡೆದು ಬರುವ ಗ್ಲೂಕೋಸ್ ಉಪ್ಪನ್ನೂ ನೀರನ್ನೂ ದೇಹಕ್ಕೆ ಸೇರಿಸುತ್ತದೆ. ಆದರೆ ಮಕ್ಕಳಿಗೆ ಓಆರ್‌ಎಸ್ ಮತ್ತು ವೈದ್ಯರು ಹೇಳಿದ ಸತುವಿನ ಮಾತ್ರೆಯ ಬದಲಿಗೆ ಗಂಜಿಯಾಗಲಿ ಬಾಳೆಕಾಯಿಯಾಗಲಿ ಸಾಲದು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ನಿಲ್ಲಿಸಿ ಇವನ್ನು ಕೊಡಲೇಬಾರದು.

ತೊಂದರೆ ಶುರುವಾಗುವುದು ಭೇದಿ ನಿಂತ ಮೇಲೆ. ಎಷ್ಟೋ ಮನೆಗಳಲ್ಲಿ ನಡೆಯುವುದನ್ನೇ ಹೇಳುತ್ತೇನೆ. ಎಪ್ಪತ್ತು ದಾಟಿದ ಅಜ್ಜಿಗೆ ಎರಡು ದಿನ ಭೇದಿಯಾಗಿ ನಿಂತಿತು. ಹೊಟ್ಟೆಗೆ ಹಗುರವೆಂದು ಬೆಳ್ತಿಗೆ ಅಕ್ಕಿಯ ಗಂಜಿ ಮುಂದುವರಿಯಿತು, ಹಲ್ಲಿಲ್ಲದ್ದರಿಂದ ಬೆಳಿಗ್ಗೆ ಸಂಜೆ ಚಹಾದಲ್ಲಿ ಅದ್ದಿದ ಮೈದಾ ಬಿಸ್ಕತ್ತು, ರಾತ್ರಿ ಹಾಲು. ನಿಶ್ಶಕ್ತಿಗೆಂದು ಕಬ್ಬಿಣದ ಮಾತ್ರೆಯೂ ಸೇರಿತು. ವಾರದೊಳಗೆ ಮಲ ಕಲ್ಲಾಯಿತು. ಮನೆಯವರು ಬೈದದ್ದು ಒಂದು ದಿನ ಮಾಡಿದ್ದ ಬಾಳೆಕಾಯಿ ಪಲ್ಯವನ್ನು! ನಿಜವಾಗಿ ಆ ಊಟದಲ್ಲಿ ಮಲವಾಗಲು ನಾರೇ ಇರಲಿಲ್ಲ, ಕಬ್ಬಿಣದ ಮಾತ್ರೆಯಂತೂ ಮಲ ಗಟ್ಟಿ ಮಾಡುವುದಕ್ಕೆ ಹೆಸರಾದದ್ದು.

ಇಂಥ ಕಡೆ ಮೊದಲು ಕಡಿಮೆ ಮಾಡಬೇಕಾದದ್ದು ದಿನವಿಡೀ ನಡೆಯುವ ಬಿಳಿ ಅಕ್ಕಿ, ಸಬ್ಬಕ್ಕಿ, ಮೈದಾಗಳನ್ನು. ಗಂಜಿಯನ್ನೇ ಬಿಡಬೇಕಿಲ್ಲ. ಕೆಂಪು ಕುಚ್ಚಲಕ್ಕಿಯ ಗಂಜಿ ಮಾಡಿ, ನೆಂಚಿಕೊಳ್ಳಲು ಮೆತ್ತಗೆ ಬೆಂದ ಹರಿವೆ ಸೊಪ್ಪು ಅಥವಾ ಹೆಸರುಕಾಳು ಇಡಬಹುದು. ಒಂದು ಹೊತ್ತಿಗೆ ರಾಗಿ ಅಂಬಲಿ ಆಗಬಹುದು: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬಿಸ್ಕತ್ತಿನ ಜಾಗದಲ್ಲಿ ಪಪ್ಪಾಯಿ ಇಲ್ಲವೇ ಕಳಿತ ಬಾಳೆಹಣ್ಣು ಸಾಕು. ನಾರನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಿ ನೀರನ್ನೂ ಹೆಚ್ಚಿಸಬೇಕು, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಲಿ. ಕಬ್ಬಿಣದ ಮಾತ್ರೆಯನ್ನೂ ತಾವಾಗಿ ಬಿಡದೆ, ಬದಲಿಸಿಕೊಡಲು ಕೇಳಬೇಕು.

ಬಾಳೆಕಾಯಿ ಪಲ್ಯ, ದೋರೆ ಬಾಳೆ, ದಾಳಿಂಬೆ ಸಿಪ್ಪೆಯಂಥ ಒಗರು ಪದಾರ್ಥಗಳನ್ನು ಮಲ ಸಡಿಲವಾಗುವವರೆಗೆ ದೂರವಿಟ್ಟರೆ ಸಾಕು, ಆಮೇಲೆ ಯಾವಾಗಲಾದರೂ ತಿನ್ನಬಹುದು. ಊಟ ಬಿಟ್ಟು ಹಾಲನ್ನೇ ಕುಡಿಯುವ ಎರಡು ಮೂರು ವರ್ಷದ ಮಕ್ಕಳಿಗೆ ಹಾಲಿನ ಲೋಟ ಕಡಿಮೆ ಮಾಡುವುದೇ ಹಲವು ಸಲ ಮೊದಲ ಮದ್ದು.

ಆದರೆ ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ಗಾಳಿಯೂ ಹೋಗದಿದ್ದರೆ, ತೂಕ ಇಳಿಯುತ್ತಿದ್ದರೆ, ಐವತ್ತು ದಾಟಿದ ಮೇಲೆ ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾದರೆ ಅಡುಗೆಮನೆಯಲ್ಲಿ ಮದ್ದು ಹುಡುಕುತ್ತ ಕೂರಬೇಡಿ, ವೈದ್ಯರ ಬಳಿ ಹೋಗಿ.