ನುಡಿನಮನಕ್ಕೆ ಹನ್ನೊಂದು ಸಾಲು

ನೆರೆಮನೆಯವರು ತೀರಿಕೊಂಡಿದ್ದಾರೆ. ನುಡಿನಮನದ ದಿನ ಬೀದಿಯ ಪರವಾಗಿ ಯಾರಾದರೂ ನಾಲ್ಕು ಸಾಲು ಓದಬೇಕು. ಬರೆಯಲು ಕುಳಿತವರ ಪೆನ್ನಿಗೆ ಮೊದಲು ಬರುವುದು ಸ್ವರ್ಗ, ದೇವರ ಪಾದ, ಆಗಸದ ನಕ್ಷತ್ರ. ಅವು ಸುಳ್ಳೆಂದಲ್ಲ; ಎಷ್ಟೋ ಮನೆಗಳಲ್ಲಿ ಅದು ನಿಜವಾದ ನಂಬಿಕೆ. ತೊಡಕಿರುವುದು ಬೇರೆಡೆ. ಈ ಮಾತುಗಳನ್ನು ಯಾರ ಹೆಸರಿಗೆ ಬೇಕಾದರೂ ಅಂಟಿಸಬಹುದು. ಹೋದವರು ಯಾರೆಂಬುದು ಅವುಗಳಲ್ಲಿ ಕಾಣುವುದೇ ಇಲ್ಲ.

ಸಮಾಧಾನ ಹೇಳುವ ಆತುರದಲ್ಲಿ ದುಃಖವನ್ನೇ ಅಳಿಸಿಹಾಕುವ ಅಪಾಯವೂ ಇದೆ. ಇಂಗ್ಲೆಂಡಿನಲ್ಲಿ ಅಂತ್ಯಕ್ರಿಯೆಗಳಲ್ಲಿ ಇಂದಿಗೂ ಓದುವ ಒಂದು ಭಾಗವಿದೆ. ಸಾವು ದೊಡ್ಡದೇನಲ್ಲ, ಹೋದವರು ಪಕ್ಕದ ಕೋಣೆಯಲ್ಲಿದ್ದಾರೆ ಎಂಬುದು ಅದರ ಸಾರ. ಬಹಳ ಮಂದಿ ಅದನ್ನು ಕವಿತೆ ಎಂದೇ ತಿಳಿದಿದ್ದಾರೆ. ಅಸಲಿಗೆ ಅದು 1910ರ ಮೇ ತಿಂಗಳಲ್ಲಿ, ದೊರೆ ಏಳನೆಯ ಎಡ್ವರ್ಡ್ ತೀರಿಕೊಂಡಾಗ, ಹೆನ್ರಿ ಸ್ಕಾಟ್ ಹಾಲೆಂಡ್ ಎಂಬ ಪಾದ್ರಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಾಡಿದ ಪ್ರವಚನದ ತುಣುಕು. ಅದೇ ಪ್ರವಚನದಲ್ಲಿ ಅವರು ಸಾವಿನ ಕ್ರೌರ್ಯವನ್ನೂ, ಅದರ ಮುಂದೆ ಮನುಷ್ಯನಿಗಾಗುವ ಭಯವನ್ನೂ ಬಿಚ್ಚಿ ಹೇಳಿದ್ದರು. ಎರಡೂ ಅನಿಸಿಕೆಗಳನ್ನು ಎದುರಿಗಿಟ್ಟು ತೂಗುವುದು ಅವರ ಉದ್ದೇಶವಾಗಿತ್ತು. ಜನ ಹಿತವಾದ ಅರ್ಧವನ್ನಷ್ಟೇ ಕತ್ತರಿಸಿ ಇಟ್ಟುಕೊಂಡರು. ಗಂಡನನ್ನು ಕಳೆದುಕೊಂಡು ಮೂರು ದಿನವಾದ ಹೆಂಗಸಿಗೆ, ದೊಡ್ಡದೇನೂ ಆಗಿಲ್ಲ ಎಂದು ಓದಿ ಹೇಳಿದರೆ ಹೇಗನಿಸೀತು?

ಕನ್ನಡದಲ್ಲಿ ಬೇರೆಯದೇ ದಾರಿ ತೋರಿಸಿದವರು ಬೇಂದ್ರೆ. ತಮ್ಮ ಮಗು ತೀರಿಕೊಂಡಾಗ ಅವರು ಬರೆದ ಕವಿತೆ ಮಾತಾಡುವುದು ಮಗುವಿನೊಡನೆ ಅಲ್ಲ, ತಮ್ಮನ್ನೇ ನೋಡುತ್ತಿರುವ ಹೆಂಡತಿಯೊಡನೆ. ನೆರೆಯವರಿಗಾಗಿ ಬರೆಯುವವರು ಅದರಿಂದ ಕಲಿಯುವಂಥದ್ದು ಇದು: ಸಮಾಧಾನ ಬೇಕಾಗಿರುವುದು ಉಳಿದವರಿಗೆ, ಹಾಗಾಗಿ ಮಾತು ಎಲ್ಲೋ ಒಂದು ಕಡೆ ಅವರತ್ತ ತಿರುಗಬೇಕು.

ಒಂದು ಬೀದಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಎರಡು ದಿನಕ್ಕೊಮ್ಮೆ ನಸುಕಿನಲ್ಲಿ ಕಾರ್ಪೊರೇಷನ್ ನೀರು ಬರುತ್ತದೆ. ನಿವೃತ್ತ ಕಂಡಕ್ಟರ್ ಒಬ್ಬರು ಎಲ್ಲರಿಗಿಂತ ಮೊದಲೆದ್ದು ಮನೆಮನೆಯ ಗೇಟು ಬಡಿದು ಎಬ್ಬಿಸುತ್ತಿದ್ದರು. ಅವರ ಸೇವಾ ವರ್ಷ, ಸಜ್ಜನಿಕೆ, ಪರೋಪಕಾರ ಎಲ್ಲವನ್ನೂ ಪಕ್ಕಕ್ಕಿಟ್ಟು, ಬೀದಿಯವರೆಲ್ಲ ಕಿವಿಯಾರೆ ಕೇಳಿದ ಆ ಸದ್ದೊಂದನ್ನೇ ಹಿಡಿದರೆ ಕವಿತೆ ಹೀಗೆ ಬಂದೀತು:

ನಲ್ಲಿಯಲ್ಲಿ ನೀರು ಬಂದರೆ
ಮೊದಲು ತಿಳಿಯುತ್ತಿದ್ದದ್ದು ನಿಮಗೆ.
ಗೇಟಿನ ಚಿಲಕ ಎರಡು ಸಲ ಬಡಿದು
ಮುಂದಿನ ಮನೆಗೆ ನಡೆಯುತ್ತಿದ್ದಿರಿ.

ಈ ವಾರವೂ ನೀರು ಬಂತು.
ಯಾರೂ ಬಡಿಯಲಿಲ್ಲ, ನಾವು ಏಳಲಿಲ್ಲ.
ಬೀದಿಯ ಕೊಡಗಳು ತುಂಬಲಿಲ್ಲ.

ಅಮ್ಮಾ, ನಾಳೆಯಿಂದ
ಚಿಲಕ ಬಡಿಯುವ ಸರದಿ ನಮ್ಮದು.
ಮೊದಲ ಮನೆ ನಿಮ್ಮದೇ,
ಬಾಗಿಲು ತೆಗೆಯಿರಿ.

ಮೊದಲ ನಾಲ್ಕು ಸಾಲು ಅವರನ್ನು ಕಣ್ಣಮುಂದೆ ತರುತ್ತವೆ. ನಡುವಿನ ಮೂರು ಸಾಲು ನಷ್ಟವನ್ನು ಮುಚ್ಚಿಡದೆ ಒಪ್ಪಿಕೊಳ್ಳುತ್ತವೆ. ಇವನ್ನು ತೆಗೆದರೆ ಕೊನೆಯ ಭಾಗಕ್ಕೆ ಬಲವೇ ಇರದು. ಎಂಟನೆಯ ಸಾಲಿನಲ್ಲಿ ಮಾತು ಅವರ ಹೆಂಡತಿಯ ಕಡೆ ತಿರುಗುತ್ತದೆ. ಅಲ್ಲಿ ಸ್ವರ್ಗದ ಬದಲು ಒಂದು ಭರವಸೆ ಇದೆ. ಆದ್ದರಿಂದಲೇ ಬೀದಿಯವರು ನಿಜವಾಗಿ ಮಾಡಬಲ್ಲದ್ದನ್ನು ಮಾತ್ರ ಬರೆಯಬೇಕು. ನಾಳೆ ಯಾರೂ ಗೇಟು ಬಡಿಯದಿದ್ದರೆ ಆ ಸಾಲು ಸಮಾಧಾನವಾಗಿ ಉಳಿಯುವುದಿಲ್ಲ, ನೋವಾಗುತ್ತದೆ.

ಸ್ವರ್ಗದ ಮಾತು ಬಿಟ್ಟಿದ್ದರೂ ಕವಿತೆ ಅದನ್ನು ಅಲ್ಲಗಳೆಯುವುದಿಲ್ಲ ಎಂಬುದೂ ಮುಖ್ಯ. ವಿಷ್ಣುಸಹಸ್ರನಾಮ ಪಾರಾಯಣವಾದ ಮನೆಯಲ್ಲಿ, ಲಿಂಗೈಕ್ಯರಾದರು ಎಂದು ಪತ್ರಿಕೆ ಹಂಚಿದ ಮನೆಯಲ್ಲಿ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರ ಮನೆಯಲ್ಲಿ ಇದನ್ನು ಒಂದೇ ತರಹ ಓದಬಹುದು. ಪರಲೋಕದ ಮಾತನ್ನು ಪುರೋಹಿತರಿಗೆ, ಸ್ವಾಮಿಗಳಿಗೆ, ಪಾದ್ರಿಗಳಿಗೆ ಬಿಟ್ಟು ನೆರೆಯವರು ನೆರೆಯ ಮಾತಾಡಿದರೆ ಸಾಕು.

ಬರೆದದ್ದನ್ನು ಮನೆಯವರೊಬ್ಬರಿಗೆ ಮೊದಲೇ ತೋರಿಸಬೇಕು. ಹೊರಗಿನವರಿಗೆ ತಮಾಷೆಯಾಗಿ ಕಂಡ ಅಭ್ಯಾಸವೇ ಮನೆಯೊಳಗೆ ಜಗಳದ ಮೂಲವಾಗಿರಬಹುದು. ಕಾಯಿಲೆಯ ಪ್ರಸ್ತಾಪವೂ ಬೇಡ, ಕಡೆಯ ದಿನಗಳ ಆಸ್ಪತ್ರೆಯ ಚಿತ್ರ ಅವರ ಕಣ್ಣಲ್ಲಿ ಆಗಲೇ ತುಂಬಿರುತ್ತದೆ.

ಇನ್ನು ಓದುವ ಮಾತು. ಸಾಲೊಂದು ಒಂದೇ ಉಸಿರಿಗೆ ಸಿಗುವಷ್ಟಿರಲಿ. ಗಂಟಲು ಕಟ್ಟಿದಾಗ ಅಶ್ರುತರ್ಪಣ, ಚಿರಸ್ಮರಣೀಯ ಎಂಬಂಥ ಉದ್ದನೆಯ ಪದಗಳು ನಾಲಿಗೆಗೆ ತೊಡರುತ್ತವೆ. ಮೇಲಿನ ಕವಿತೆಯನ್ನು ನಿಧಾನವಾಗಿ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ದನಿ ನಡುಗುವುದು ಹೆಚ್ಚಾಗಿ ಮಾತು ತಿರುಗುವ ಜಾಗದಲ್ಲಿ, ಇಲ್ಲಿ 'ಅಮ್ಮಾ' ಎನ್ನುವಲ್ಲಿ. ಅದಕ್ಕೆ ಮುಂಚೆ ಒಂದು ಖಾಲಿ ಸಾಲು ಬಿಟ್ಟಿರುವುದು ಉಸಿರೆಳೆದುಕೊಳ್ಳಲಿಕ್ಕೆ. ದಪ್ಪ ಅಕ್ಷರದಲ್ಲಿ ಎರಡು ಪ್ರತಿ ಬರೆದು ಒಂದನ್ನು ಪಕ್ಕದಲ್ಲಿ ನಿಂತವರ ಕೈಗೆ ಕೊಟ್ಟಿದ್ದರೆ, ಓದುವವರಿಗೆ ಆಗದೇ ಹೋದಾಗ ಅವರು ಅಲ್ಲಿಂದಲೇ ಮುಂದುವರಿಸಬಹುದು.