ಕಟ್ ಎಲ್ಲಿ ಹೋಯಿತು?

ವಿಂಡೋಸ್ ಬಿಟ್ಟು ಮ್ಯಾಕ್ ಕೊಂಡವರು ಮೊದಲು ಹುಡುಕುವುದು ಸಿ ಡ್ರೈವ್, ಡಿ ಡ್ರೈವ್. ಮ್ಯಾಕ್‌ನಲ್ಲಿ ಅವು ಇಲ್ಲ. ಫೈಂಡರ್ ತೆರೆದರೆ ನಿಮ್ಮ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇತ್ಯಾದಿ, ಅಷ್ಟೆ. ಕಂಟ್ರೋಲ್ ಕೀ ಮಾಡುತ್ತಿದ್ದ ಕೆಲಸವನ್ನು ಸ್ಪೇಸ್‌ಬಾರ್ ಪಕ್ಕದ ಕಮಾಂಡ್ ಕೀ ಮಾಡುತ್ತದೆ. ಕಾಪಿ, ಪೇಸ್ಟ್, ಸೇವ್ ಎಲ್ಲದಕ್ಕೂ ಹಳೆಯ ಅಕ್ಷರಗಳೇ.

ಎಡವುವುದು ಫೈಲ್ ಕಟ್ ಮಾಡುವಾಗ. ಬರಹದಲ್ಲಿ ಕಮಾಂಡ್ ಎಕ್ಸ್ ನಡೆಯುತ್ತದೆ, ಫೈಲ್‌ಗೆ ನಡೆಯುವುದಿಲ್ಲ. ಮೊದಲು ಕಮಾಂಡ್ ಸಿ ಒತ್ತಿ ಕಾಪಿ ಮಾಡಬೇಕು. ಸೇರಬೇಕಾದ ಫೋಲ್ಡರ್‌ಗೆ ಹೋಗಿ ಕಮಾಂಡ್, ಆಪ್ಷನ್, ವಿ ಮೂರನ್ನೂ ಒಟ್ಟಿಗೆ ಒತ್ತಿದರೆ ಫೈಲ್ ಮೊದಲಿದ್ದ ಜಾಗ ಬಿಟ್ಟು ಅಲ್ಲಿಗೆ ಬರುತ್ತದೆ. ಕಾಪಿಯೋ ಕಟ್ಟೋ ಎನ್ನುವುದು ಫೈಲ್ ಎತ್ತುವಾಗಲ್ಲ, ಇಳಿಸುವಾಗ ತೀರ್ಮಾನವಾಗುತ್ತದೆ. ಎಂಟರ್ ಒತ್ತಿದರೆ ಫೈಲ್ ತೆರೆಯದೆ ಹೆಸರು ಬದಲಿಸಲು ಕೇಳುತ್ತದೆ. ತೆರೆಯಲು ಕಮಾಂಡ್ ಓ.

ವಿಂಡೋಸ್‌ನಲ್ಲಿ ಬಳಸಿದ ಹಾರ್ಡ್ ಡಿಸ್ಕ್ ಚುಚ್ಚಿದರೆ ಇನ್ನೊಂದು ತೊಡಕು. ಮದುವೆಯ ಫೋಟೊಗಳು ಚೆನ್ನಾಗಿ ಕಾಣುತ್ತವೆ, ಮ್ಯಾಕ್‌ಗೆ ಕಾಪಿಯೂ ಆಗುತ್ತವೆ. ಆದರೆ ಡಿಸ್ಕಿಗೆ ಹೊಸ ಫೈಲ್ ಹಾಕಲಾಗದು, ಅದರಲ್ಲಿರುವುದನ್ನು ಅಳಿಸಲೂ ಆಗದು. ಡಿಸ್ಕ್ ಕೆಟ್ಟಿಲ್ಲ. ಅದನ್ನು ಆರಿಸಿ ಕಮಾಂಡ್ ಐ ಒತ್ತಿ ನೋಡಿ: ಫಾರ್ಮ್ಯಾಟ್ ಎದುರು NTFS ಎಂದಿದ್ದರೆ ಮ್ಯಾಕ್ ಅದನ್ನು ಓದಬಲ್ಲದು, ಬರೆಯಲಾರದು. ಎರಡೂ ಕಡೆ ಬಳಸುವುದಾದರೆ exFAT ಆಗಿ ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಫೋಟೊಗಳನ್ನು ಮೊದಲೇ ಬೇರೆಡೆ ಇಳಿಸಿಕೊಂಡಿರಬೇಕು.

ಆ್ಯಪ್ ಹಾಕಲು setup.exe ಬರುವುದಿಲ್ಲ. ಆ್ಯಪ್ ಸ್ಟೋರ್‌ನಲ್ಲಿ ಸಿಗದಿದ್ದರೆ ಕಂಪನಿಯ ಜಾಲತಾಣದಿಂದ ಸಾಮಾನ್ಯವಾಗಿ .dmg ಫೈಲ್ ಇಳಿಯುತ್ತದೆ. ಅದನ್ನು ತೆರೆದರೆ ಪುಟ್ಟ ಡಿಸ್ಕೊಂದು ಜೋಡಿಸಿದಂತೆ ಫೈಂಡರ್‌ನಲ್ಲಿ ಕಾಣುತ್ತದೆ. ಒಳಗಿನ ಐಕಾನನ್ನು ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಎಳೆದುಬಿಟ್ಟರೆ ಇನ್‌ಸ್ಟಾಲ್ ಮುಗಿಯಿತು. ಹಲವರು ಎಳೆಯದೆ ಅಲ್ಲಿಂದಲೇ ಓಡಿಸುತ್ತಾರೆ. ಅವತ್ತು ಆ್ಯಪ್ ಕೆಲಸ ಮಾಡುತ್ತದೆ. ಮ್ಯಾಕ್ ರೀಸ್ಟಾರ್ಟ್ ಆದ ಮೇಲೆ ಡಾಕ್‌ನಲ್ಲಿ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂತಿರುತ್ತದೆ. ಎಳೆದ ಮೇಲೆ ಆ ಪುಟ್ಟ ಡಿಸ್ಕನ್ನು ಎಜೆಕ್ಟ್ ಮಾಡಿ. ಇನ್ನೊಂದು ಮಾತು: ಕೆಂಪು ಗುಂಡಿ ಕಿಟಕಿಯನ್ನು ಮುಚ್ಚುತ್ತದೆಯೇ ಹೊರತು ಬಹುತೇಕ ಆ್ಯಪ್‌ಗಳನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಕಮಾಂಡ್ ಕ್ಯೂ.

ಪ್ರಿಂಟಿಂಗ್ ಇಷ್ಟು ಕಾಡುವುದಿಲ್ಲ. ಏರ್‌ಪ್ರಿಂಟ್ ಇರುವ ಪ್ರಿಂಟರ್ ಅದೇ ವೈಫೈನಲ್ಲಿದ್ದರೆ ಡ್ರೈವರ್ ಬೇಡ. ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ನಲ್ಲಿ ಸೇರಿಸಿಕೊಂಡು ಕಮಾಂಡ್ ಪಿ ಒತ್ತಿದರಾಯಿತು. ಹಳೆಯ ಪ್ರಿಂಟರ್ ಆದರೆ ತಯಾರಕರು ಮ್ಯಾಕ್ ಡ್ರೈವರ್ ಕೊಟ್ಟಿದ್ದಾರೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು. ಎಲ್ಲ ಸರಿಯಿದ್ದೂ ಪ್ರಿಂಟರ್ ಹಾಳೆ ಇಲ್ಲವೆಂದು ಹಟ ಹಿಡಿದರೆ ಪೇಪರ್ ಸೈಜ್ ನೋಡಿ. ಅಲ್ಲಿ US Letter ಇದ್ದು, ಟ್ರೇಯಲ್ಲಿ A4 ಇರಬಹುದು.